ಈಕ್ವಿಟಿ ಮೆಥಡ್: ಗೋಡೌನಿನಲ್ಲಿ ಕೂತ ಲಾಭವನ್ನು ತೆಗೆಯುವುದು ಹೇಗೆ?

ಬೆಂಗಳೂರಿನಲ್ಲಿ ಕಾಫಿ ಹುರಿದು ಪುಡಿ ಮಾಡಿ ಮಾರುವ ಒಂದು ಕಂಪನಿ ಇದೆ ಅಂದುಕೊಳ್ಳಿ. ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅದಕ್ಕೆ 30% ಷೇರು ಇದೆ. ಕ್ಯೂರಿಂಗ್‌ನವರು ತೋಟದಿಂದ ಬಂದ ಪಾರ್ಚ್‌ಮೆಂಟ್, ಚೆರಿ ಕೊಂಡು, ಸಿಪ್ಪೆ ತೆಗೆದು, ಗ್ರೇಡ್ ಮಾಡಿ ಕ್ಲೀನ್ ಕಾಫಿ ಮಾಡುತ್ತಾರೆ. ಅದರಲ್ಲಿ ಸ್ವಲ್ಪವನ್ನು ಬೆಂಗಳೂರಿನ ಈ ಕಂಪನಿಗೇ ಮಾರುತ್ತಾರೆ. ಊರು ನಿಜ, ಕಂಪನಿಗಳು ಲೆಕ್ಕಕ್ಕಾಗಿ ಮಾಡಿಕೊಂಡವು.

ಹಾಸನದ ಕಂಪನಿಗೆ ಬೆಂಗಳೂರಿನವರು ಯಜಮಾನರಲ್ಲ. ಹಾಗಂತ ಸುಮ್ನೆ ದುಡ್ಡು ಹಾಕಿ ಕೂತವರೂ ಅಲ್ಲ. ಬೋರ್ಡಿನಲ್ಲಿ ಕೂರುತ್ತಾರೆ, ಅವರ ಮಾತಿಗೆ ತೂಕ ಇದೆ. ಇಂಥ ಕಂಪನಿಯೇ ಅಸೋಸಿಯೇಟ್. ನಮ್ಮ 2013ರ ಕಂಪನಿ ಕಾಯ್ದೆ ಇದಕ್ಕೆ ಇಟ್ಟಿರುವ ಗೆರೆ 20% ಮತಾಧಿಕಾರ. ಅರ್ಧಕ್ಕಿಂತ ಜಾಸ್ತಿ ಹಿಡಿದು ನಡೆಸುವ ಹಿಡಿತವೇ ಬಂದರೆ ಅದು ಅಂಗಸಂಸ್ಥೆ. ಅದರ ಲೆಕ್ಕವೇ ಬೇರೆ.

ಅಂಗಸಂಸ್ಥೆಯಾದರೆ ಗ್ರೂಪ್ ಲೆಕ್ಕದಲ್ಲಿ ಅದರ ಮಾರಾಟ, ಖರ್ಚು, ಸ್ಟಾಕು, ಸಾಲ ಎಲ್ಲವನ್ನೂ ಸಾಲು ಸಾಲಾಗಿ ನಮ್ಮದರ ಜೊತೆ ಕೂಡಿಸುತ್ತೇವೆ. ಅಸೋಸಿಯೇಟ್‌ಗೆ ಹಾಗಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಒಂದು ಸಾಲು, ‘ಅಸೋಸಿಯೇಟ್‌ನಲ್ಲಿ ಹೂಡಿಕೆ’. ಲಾಭ-ನಷ್ಟದ ಪಟ್ಟಿಯಲ್ಲಿ ಒಂದು ಸಾಲು, ‘ಅಸೋಸಿಯೇಟ್‌ನ ಲಾಭದಲ್ಲಿ ಪಾಲು’. ಈ ಪದ್ಧತಿಗೇ ಈಕ್ವಿಟಿ ಮೆಥಡ್ ಎನ್ನುವುದು. ನಮ್ಮ ಲೆಕ್ಕಪತ್ರ ಮಾನದಂಡಗಳಲ್ಲಿ ಇಂಡ್ ಎಎಸ್ 28 ಇದನ್ನು ಹೇಳುತ್ತದೆ. ಹಳೆಯ ಮಾನದಂಡಗಳಲ್ಲೇ ಇರುವ ಕಂಪನಿಗಳಿಗೆ ಎಎಸ್ 23 ಇದೆ.

ಈಗ ಅಂಕಿ. ಬೆಂಗಳೂರಿನವರು 2023ರ ಏಪ್ರಿಲ್ 1ರಂದು 90 ಲಕ್ಷ ಕೊಟ್ಟು 30% ಕೊಂಡರು. ಆ ದಿನ ಹಾಸನದ ಕಂಪನಿಯ ನಿವ್ವಳ ಆಸ್ತಿ 240 ಲಕ್ಷ. ಅದರಲ್ಲಿ ಇವರ ಪಾಲು 72 ಲಕ್ಷ. ಹೆಚ್ಚಿಗೆ ಕೊಟ್ಟ 18 ಲಕ್ಷ ಗುಡ್‌ವಿಲ್. ಅದನ್ನು ಬೇರೆ ಸಾಲಾಗಿ ತೋರಿಸುವುದಿಲ್ಲ, ಹೂಡಿಕೆಯ ಮೊತ್ತದ ಒಳಗೇ ಇರುತ್ತದೆ. ವರ್ಷದಲ್ಲಿ ಹಾಸನದವರು 40 ಲಕ್ಷ ಲಾಭ ಮಾಡಿದರು, 10 ಲಕ್ಷ ಡಿವಿಡೆಂಡ್ ಹಂಚಿದರು. ಇವರ ಪಾಲು 12 ಲಕ್ಷ ಲಾಭ, 3 ಲಕ್ಷ ಡಿವಿಡೆಂಡ್.

ಲಾಭ ಬಂದಾಗ ಹೂಡಿಕೆ ಏರುತ್ತದೆ, ಡಿವಿಡೆಂಡ್ ಬಂದಾಗ ಇಳಿಯುತ್ತದೆ. ಡಿವಿಡೆಂಡ್ ಯಾಕೆ ಆದಾಯವಲ್ಲ ಅಂತ ಹೊಸಬರು ಕೇಳುತ್ತಾರೆ. ಆ ಲಾಭವನ್ನು 12 ಲಕ್ಷದಲ್ಲಿ ಒಮ್ಮೆ ಬರೆದುಕೊಂಡಾಯಿತಲ್ಲ. ಈಗ ಅದರಲ್ಲೇ ಒಂದಿಷ್ಟು ನಗದಾಗಿ ಕೈಗೆ ಬಂತು, ಅಷ್ಟೇ. ಹಾಗಾಗಿ 90 + 12 − 3 = 99 ಲಕ್ಷ. ಇದನ್ನು ಇನ್ನೊಂದು ದಾರಿಯಲ್ಲಿ ತಾಳೆ ನೋಡಬಹುದು. ಹಾಸನದ ನಿವ್ವಳ ಆಸ್ತಿ ಈಗ 270 ಲಕ್ಷ. ಅದರ 30% ಅಂದರೆ 81, ಜೊತೆಗೆ ಗುಡ್‌ವಿಲ್ 18. ಮತ್ತೆ 99. ಈ ತಾಳೆ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಇಲ್ಲಿಯವರೆಗೆ ಸುಲಭ. ತೊಡಕು ಬರುವುದು ಸ್ಟಾಕಿನಲ್ಲಿ.

ಆ ವರ್ಷ ಹಾಸನದವರು ಬೆಂಗಳೂರಿನವರಿಗೆ 50 ಲಕ್ಷದ ಕ್ಲೀನ್ ಕಾಫಿ ಮಾರಿದರು. ಅವರಿಗೆ ಬಿದ್ದ ಅಸಲು 40 ಲಕ್ಷ. ಮಾರ್ಚ್ 31ರಂದು ಅದರಲ್ಲಿ 20 ಲಕ್ಷದ ಮಾಲು ಬೆಂಗಳೂರಿನ ಗೋಡೌನಿನಲ್ಲೇ ಇದೆ. ಹುರಿದಿಲ್ಲ, ಹೊರಗಿನ ಯಾರಿಗೂ ಮಾರಿಲ್ಲ. ಹಾಸನದವರ ಪುಸ್ತಕದಲ್ಲಿ ಮಾತ್ರ ಈ ಮಾಲಿನ ಲಾಭ ಆಗಲೇ ಬಂದು ಕೂತಿದೆ. ಗ್ರೂಪಿನ ಕಣ್ಣಿಂದ ನೋಡಿದರೆ ಇದು ಇನ್ನೂ ಕೈಗೆ ಬಾರದ ಲಾಭ. ಇದನ್ನು ಒಪ್ಪಿಬಿಟ್ಟರೆ ಒಂದು ತೊಂದರೆ ಇದೆ. ಯಾವ ವರ್ಷ ಲಾಭ ಕಡಿಮೆ ಅನ್ನಿಸುತ್ತದೋ ಆ ವರ್ಷ ಮಾರ್ಚ್ ಕೊನೆಯ ವಾರ ನಾಲ್ಕು ಲಾರಿ ಮಾಲು ಹಾಸನದಿಂದ ಬೆಂಗಳೂರಿಗೆ ಬಂದರೆ ಸಾಕು, ಲಾಭ ಸಿದ್ಧ.

ಉಳಿದ ಮಾಲಿನಲ್ಲಿ ಲಾಭ ಎಷ್ಟು? ಆರ್ಟಿಕಲ್‌ಶಿಪ್ ದಿನಗಳಲ್ಲಿ ಇಂಥದ್ದೇ ಒಂದು ಲೆಕ್ಕದಲ್ಲಿ ನಾನು ಜಾರಿದ್ದೆ. ಅಸಲು 40, ಲಾಭ 10, ಅಂದರೆ 25%. ಹಾಗಾಗಿ 20 ಲಕ್ಷಕ್ಕೆ 5 ಲಕ್ಷ ಅಂತ ಬರೆದುಬಿಟ್ಟಿದ್ದೆ. ಸೀನಿಯರ್ ಹಾಳೆ ನೋಡಿ, ‘ಈ 20 ಅಸಲೋ ಮಾರಿದ ಬೆಲೆಯೋ, ಹೇಳಪ್ಪ’ ಅಂದರು. ಮಾರಿದ ಬೆಲೆ. ಕೊಂಡವರ ಸ್ಟಾಕು ಯಾವಾಗಲೂ ಅವರು ಕೊಟ್ಟ ಬೆಲೆಯಲ್ಲೇ ಇರುತ್ತದೆ. ಅದರ ಮೇಲೆ ಹಾಕಬೇಕಾದದ್ದು 50ಕ್ಕೆ 10, ಅಂದರೆ 20%. ಹಾಗಾಗಿ ಲಾಭ 4 ಲಕ್ಷ. ಈ ತಪ್ಪು ಈಗಲೂ ವರ್ಷಕ್ಕೊಮ್ಮೆಯಾದರೂ ಯಾರದ್ದಾದರೂ ಎಕ್ಸೆಲ್ ಶೀಟಿನಲ್ಲಿ ಕಣ್ಣಿಗೆ ಬೀಳುತ್ತದೆ.

ಈ 4 ಲಕ್ಷವನ್ನೂ ತೆಗೆಯಬೇಕಾ? ಅಂಗಸಂಸ್ಥೆಯಾಗಿದ್ದರೆ ಹೌದು. ಅದರ 40 ಲಕ್ಷ ಲಾಭ ಪೂರ್ತಿ ನಮ್ಮ ಲೆಕ್ಕದೊಳಗೆ ಬಂದಿರುತ್ತಿತ್ತು, ಆದ್ದರಿಂದ ಕೈಗೆ ಬಾರದ 4 ಲಕ್ಷವೂ ಪೂರ್ತಿ ಹೊರಗೆ ಹೋಗುತ್ತಿತ್ತು. ಇಲ್ಲಿ ನಾವು ಒಳಗೆ ತಂದದ್ದು 30% ಮಾತ್ರ. ಆ 4 ಲಕ್ಷದಲ್ಲಿ ನಮ್ಮ ಲೆಕ್ಕ ಸೇರಿದ್ದು 1.2 ಲಕ್ಷ. ಉಳಿದ 2.8 ಲಕ್ಷ ನಮ್ಮ ಪುಸ್ತಕಕ್ಕೆ ಬಂದೇ ಇಲ್ಲ. ಬಾರದೇ ಇದ್ದದ್ದನ್ನು ತೆಗೆಯುವುದು ಎಲ್ಲಿಂದ?

ಹಾಗಾಗಿ ಲಾಭದ ಪಾಲು 12ರಿಂದ 10.8 ಲಕ್ಷಕ್ಕೆ ಇಳಿಯುತ್ತದೆ. ಎದುರು ನಮೂದು ಎಲ್ಲಿ ಹಾಕುವುದು? ಮಾಲು ನಮ್ಮ ಗೋಡೌನಿನಲ್ಲೇ ಇದೆ, ಆದ್ದರಿಂದ ಸ್ಟಾಕಿನಲ್ಲೇ ಇಳಿಸಬಹುದು. ಗ್ರೂಪ್ ಬ್ಯಾಲೆನ್ಸ್ ಶೀಟಿನಲ್ಲಿ 20 ಲಕ್ಷದ ಸ್ಟಾಕು 18.8 ಆಗುತ್ತದೆ. ಕೆಲವರು ಸ್ಟಾಕು ಮುಟ್ಟದೆ ಹೂಡಿಕೆಯಿಂದಲೇ ಕಳೆದು 99ನ್ನು 97.8 ಮಾಡುತ್ತಾರೆ. ಲಾಭ ಎರಡರಲ್ಲೂ ಒಂದೇ. ನನಗೆ ಮೊದಲನೆಯದು ಇಷ್ಟ, ಉಬ್ಬಿರುವುದು ಸ್ಟಾಕು ತಾನೇ. ಯಾವುದನ್ನೇ ಹಿಡಿದರೂ ವರ್ಷ ವರ್ಷ ಬದಲಿಸಬಾರದು.

ಇಲ್ಲಿ ಇನ್ನೊಂದು ಅಭ್ಯಾಸಬಲದ ತಪ್ಪು ಇದೆ. ಅಂಗಸಂಸ್ಥೆಗಳ ಲೆಕ್ಕ ಮಾಡಿ ಕೈ ಪಳಗಿದವರು ಆ 50 ಲಕ್ಷದ ಮಾರಾಟ-ಖರೀದಿಯನ್ನೂ, ಹಾಸನದವರಿಗೆ ಕೊಡಬೇಕಾದ ಬಾಕಿಯನ್ನೂ ಎರಡೂ ಕಡೆ ಹೊಡೆದುಹಾಕುತ್ತಾರೆ. ಹಾಸನದ ಮಾರಾಟ ನಮ್ಮ ಗ್ರೂಪ್ ಲೆಕ್ಕಕ್ಕೆ ಸೇರಿಯೇ ಇಲ್ಲ. ನಮ್ಮ ಖರೀದಿಯನ್ನು ಮಾತ್ರ ತೆಗೆದರೆ ಲೆಕ್ಕ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ. ಅಸೋಸಿಯೇಟ್‌ಗೆ ಕೊಡಬೇಕಾದ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ.

ಈಗ ಲಾರಿಯ ದಿಕ್ಕು ತಿರುಗಿಸಿ. ಹಾಸನದವರು ಫ್ಯಾಕ್ಟರಿ ಪಕ್ಕ ಒಂದು ಮಳಿಗೆ ಇಟ್ಟಿದ್ದಾರೆ. ಅಲ್ಲಿ ಮಾರಲು ಬೆಂಗಳೂರಿನಿಂದ ಕಾಫಿ ಪುಡಿ ತರಿಸುತ್ತಾರೆ. ವರ್ಷದಲ್ಲಿ 15 ಲಕ್ಷದ ಪುಡಿ ಹೋಯಿತು, ಅಸಲು 10 ಲಕ್ಷ. ಮಾರ್ಚ್ ಕೊನೆಗೆ ಮಳಿಗೆಯಲ್ಲಿ 6 ಲಕ್ಷದ ಪುಡಿ ಉಳಿದಿದೆ. ಮಾರಿದ ಬೆಲೆಯಲ್ಲಿ ಮೂರನೇ ಒಂದು ಪಾಲು ಲಾಭ, ಅಂದರೆ 2 ಲಕ್ಷ. ಈ ಸಲ ಲಾಭ ಪೂರ್ತಿ ನಮ್ಮ ಪುಸ್ತಕದಲ್ಲೇ ಇದೆ, ಮಾರಿದವರು ನಾವೇ. ಹಾಗಿದ್ದರೆ 2 ಲಕ್ಷವನ್ನೂ ತೆಗೆಯಬೇಕಲ್ವಾ?

ಇಲ್ಲ, ಇಲ್ಲೂ 30%. ಕಾರಣ ಮಾತ್ರ ಬೇರೆ. ಕೊಂಡ ಕಂಪನಿಯಲ್ಲಿ 70% ನಮಗೆ ಸಂಬಂಧವೇ ಇಲ್ಲದವರದ್ದು. ಅಷ್ಟರ ಮಟ್ಟಿಗೆ ನಾವು ನಿಜಕ್ಕೂ ಹೊರಗಿನವರಿಗೇ ಮಾರಿದ್ದೇವೆ. ಉಳಿದ 30% ಮಾತ್ರ ಬಲಗೈಯಿಂದ ಎಡಗೈಗೆ ಕೊಟ್ಟ ಹಾಗೆ. ಹಾಗಾಗಿ ತೆಗೆಯುವುದು 60 ಸಾವಿರ.

ನಮೂದು ಮಾತ್ರ ಪೂರ್ತಿ ಬದಲಾಗುತ್ತದೆ. ಪುಡಿ ನಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಇಲ್ಲ. ಇಲ್ಲದ ಸ್ಟಾಕನ್ನು ಇಳಿಸುವುದು ಹೇಗೆ? ಆದ್ದರಿಂದ ಹೂಡಿಕೆಯನ್ನೇ 60 ಸಾವಿರ ಇಳಿಸುತ್ತೇವೆ. ಲಾಭ ಉಬ್ಬಿದ್ದು ನಮ್ಮದೇ ಮಾರಾಟದಿಂದ. ಅದಕ್ಕೆ ಸರಿಪಡಿಸುವುದೂ ಅಲ್ಲೇ: ಮಾರಾಟದಲ್ಲಿ 1.8 ಲಕ್ಷ, ಮಾರಿದ ಮಾಲಿನ ಅಸಲಿನಲ್ಲಿ 1.2 ಲಕ್ಷ ಕಳೆಯುತ್ತೇವೆ. ಸರಳವಾಗಿ ಅಸಲಿಗೇ 60 ಸಾವಿರ ಸೇರಿಸುವವರೂ ಇದ್ದಾರೆ.

ನನ್ನ ಸೀನಿಯರ್ ಕೇಳುತ್ತಿದ್ದ ಒಂದೇ ಪ್ರಶ್ನೆ, ‘ಸ್ಟಾಕು ಯಾರ ಗೋಡೌನಿನಲ್ಲಿದೆ?’ ಮಾಲು ನಮ್ಮಲ್ಲಿದ್ದರೆ ಮಾರಿದವರು ಅವರು, ಕೈ ಹೋಗಬೇಕಾದದ್ದು ಲಾಭದ ಪಾಲಿಗೆ. ಮಾಲು ಅವರಲ್ಲಿದ್ದರೆ ಮಾರಿದವರು ನಾವು, ಕೈ ಹೋಗಬೇಕಾದದ್ದು ನಮ್ಮದೇ ಮಾರಾಟಕ್ಕೆ.

ಇನ್ನು ತಾಳೆ. ಸ್ಟಾಕು ಇಳಿಸುವ ದಾರಿ ಹಿಡಿದರೆ ಹೂಡಿಕೆ 99 − 0.6 = 98.4 ಲಕ್ಷ. ನಿವ್ವಳ ಆಸ್ತಿಯ ಪಾಲು ಮತ್ತು ಗುಡ್‌ವಿಲ್ ಸೇರಿ 99 ಅಂತ ಮೊದಲೇ ನೋಡಿದೆವು. ವ್ಯತ್ಯಾಸ ಸರಿಯಾಗಿ 60 ಸಾವಿರ ಇರಬೇಕು. ಹಾಸನದ ಕಾಫಿಯ 1.2 ಲಕ್ಷವನ್ನೂ ಹೂಡಿಕೆಯಿಂದಲೇ ಕಳೆದಿದ್ದರೆ ಹೂಡಿಕೆ 97.2, ವ್ಯತ್ಯಾಸ 1.8 ಲಕ್ಷ. ಬೇರೆ ಯಾವುದೇ ಅಂಕಿ ಬಂದರೆ ಎಲ್ಲೋ ಎಡವಿದ್ದೀರಿ ಅಂತಲೇ ಲೆಕ್ಕ.

ನಷ್ಟಕ್ಕೆ ಈ 30%ರ ರಿಯಾಯಿತಿ ಯಾವಾಗಲೂ ಸಿಗುವುದಿಲ್ಲ. ಮಾರುಕಟ್ಟೆ ಬಿದ್ದು ಬೆಂಗಳೂರಿನವರು ಅಸಲಿಗಿಂತ ಕಡಿಮೆಗೆ ಹಾಸನಕ್ಕೆ ಪುಡಿ ಮಾರಿದರು ಅನ್ನಿ. ಆ ಮಾಲಿಗೆ ಈಗ ಅಷ್ಟೇ ಬೆಲೆ ಎನ್ನುವುದಕ್ಕೆ ಆ ಮಾರಾಟವೇ ಸಾಕ್ಷಿಯಾದರೆ ಇಂಡ್ ಎಎಸ್ 28 ಪ್ರಕಾರ ನಷ್ಟ ಪೂರ್ತಿ ನಮ್ಮದೇ, ಅದರಲ್ಲಿ ಏನನ್ನೂ ಮುಂದಕ್ಕೆ ತಳ್ಳುವಂತಿಲ್ಲ.

ಮುಂದಿನ ವರ್ಷ ಗೋಡೌನಿನ ಆ 20 ಲಕ್ಷದ ಕಾಫಿ ಹುರಿದು ಮಾರಿ ಆಗುತ್ತದೆ. ಆಗ ತಡೆದಿಟ್ಟ 1.2 ಲಕ್ಷ ನಿಜವಾದ ಲಾಭ, ಅದನ್ನು ವಾಪಸ್ ಸೇರಿಸಬೇಕು. ಹಾಸನದವರ ಆ ವರ್ಷದ ಲಾಭ 50 ಲಕ್ಷವಾದರೆ ನಮ್ಮ ಪಾಲು 15. ವರ್ಷದ ಕೊನೆಗೆ ಹೊಸದಾಗಿ ಉಳಿದ ಮಾಲಿನಲ್ಲಿ ನಮ್ಮ ಪಾಲಿನ ಲಾಭ 0.9 ಅನ್ನಿ. ಲಾಭದ ಪಾಲಿನ ಸಾಲಿನಲ್ಲಿ ಬರುವುದು 15 + 1.2 − 0.9 = 15.3 ಲಕ್ಷ. ಜಾಸ್ತಿ ಜನ ಮರೆಯುವುದು ಈ ನಡುವಿನ 1.2ನ್ನು. ಬೆಂಗಳೂರಿನ ಕಂಪನಿಯ ಸ್ವಂತ ಲೆಜರಿನಲ್ಲಿ ಸ್ಟಾಕು 20 ಲಕ್ಷವಾಗಿಯೇ, ಹೂಡಿಕೆ 90 ಲಕ್ಷವಾಗಿಯೇ ಇದೆ. ಈ ಹೊಂದಾಣಿಕೆಗಳೆಲ್ಲ ಇರುವುದು ಗ್ರೂಪ್ ಲೆಕ್ಕದ ವರ್ಕಿಂಗ್ ಶೀಟಿನಲ್ಲಿ ಮಾತ್ರ. ಏಪ್ರಿಲ್‌ನಲ್ಲಿ ಹೊಸ ಹುಡುಗ ಬಂದು ಹೊಸ ಶೀಟು ತೆಗೆದರೆ 1.2 ಅಲ್ಲೇ ಹಳೆಯ ಫೈಲಿನಲ್ಲಿ ಉಳಿಯಿತು. ಅದಕ್ಕೇ ನಾನು ಶೀಟಿನ ಮೊದಲ ಕಾಲಮ್ಮನ್ನೇ ‘ಹೋದ ವರ್ಷ ತಡೆದದ್ದು’ ಅಂತ ಇಡುತ್ತೇನೆ, ಅದನ್ನು ತುಂಬದೆ ಮುಂದಕ್ಕೆ ಹೋಗುವುದಿಲ್ಲ.