ಪುಟ್ ಮಾರಿ ಷೇರು ಕೊಳ್ಳುವವರು ನಿಜಕ್ಕೂ ಒಪ್ಪಿಕೊಳ್ಳುವುದೇನು?

ಪುಟ್ ಆಪ್ಷನ್ ಎಂದರೆ ಷೇರನ್ನು ಸ್ಟ್ರೈಕ್ ಎಂಬ ಗೊತ್ತುಪಡಿಸಿದ ಬೆಲೆಗೆ ಗಡುವಿನೊಳಗೆ ಮಾರುವ ಹಕ್ಕು. ಪ್ರೀಮಿಯಂ ಎಂಬ ದರ ಪಡೆದು ಅದನ್ನು ಮಾರಿದವರು, ಕೊಂಡವರು ಕೇಳಿದರೆ ಆ ಬೆಲೆಗೆ ಷೇರು ಕೊಳ್ಳಲೇಬೇಕು. ಷೇರನ್ನು ಈಗಿನ ದರಕ್ಕಿಂತ ಅಗ್ಗವಾಗಿ ಕೊಳ್ಳಲು ಪುಟ್ ಮಾರಬಹುದೆಂದು ಹೇಳುವವರ ವಾದ ಹೀಗಿರುತ್ತದೆ: ಬೆಲೆ ಇಳಿದರೆ ನಾವು ಬಯಸಿದ ದರಕ್ಕೆ ಷೇರು ಸಿಗುತ್ತದೆ, ಇಳಿಯದಿದ್ದರೆ ಪ್ರೀಮಿಯಂ ನಮ್ಮಲ್ಲೇ ಉಳಿಯುತ್ತದೆ, ಆದ್ದರಿಂದ ಎರಡೂ ಕಡೆ ಲಾಭ. ಈ ಎರಡು ಮಾತುಗಳು ಬಿಡಿಬಿಡಿಯಾಗಿ ನಿಜವೇ. ಅವುಗಳಿಂದ ಎಳೆಯುವ ತೀರ್ಮಾನ ಮಾತ್ರ ತಪ್ಪು. ಅದನ್ನು ನಂಬಿ ಉಳಿತಾಯದ ಹಣ ತೊಡಗಿಸುವವರು ಬಹಳವಿರುವುದರಿಂದ ಲೆಕ್ಕವನ್ನು ಬಿಡಿಸಿ ನೋಡುವುದು ಅಗತ್ಯ.

ಷೇರಿನ ಬೆಲೆ 100 ಇದೆ ಎಂದಿಟ್ಟುಕೊಳ್ಳೋಣ. ಒಂದು ತಿಂಗಳ ಗಡುವಿನ, 95 ಸ್ಟ್ರೈಕ್ ಬೆಲೆಯ ಪುಟ್ ಒಂದನ್ನು ಮಾರಿದವರಿಗೆ ಪ್ರತಿ ಷೇರಿಗೆ 2 ಪ್ರೀಮಿಯಂ ದೊರೆಯುತ್ತದೆ. ಪ್ರತಿಯಾಗಿ ಅವರು 95ನ್ನು ಖಾತೆಯಲ್ಲಿ ಮೀಸಲಿಟ್ಟಿರುತ್ತಾರೆ. ಗಡುವಿನ ದಿನ ಬೆಲೆ 95ಕ್ಕಿಂತ ಮೇಲಿದ್ದರೆ ಪುಟ್ ರದ್ದಾಗುತ್ತದೆ. ಕೆಳಗಿದ್ದರೆ ಅವರು 95 ಕೊಟ್ಟು ಷೇರು ಪಡೆಯಲೇಬೇಕು. ಪ್ರೀಮಿಯಂ ಕಳೆದರೆ ಕೊಂಡ ಬೆಲೆ 93. ಇದನ್ನು ಶೇ. 7ರ ರಿಯಾಯಿತಿ ಎನ್ನುವುದು ರೂಢಿ, ಆದರೆ ಆ ಹೋಲಿಕೆ ತಿಂಗಳ ಹಿಂದಿನ ಬೆಲೆಯೊಂದಿಗೆ. ಷೇರು ಕೈಸೇರುವ ದಿನ ಮಾರುಕಟ್ಟೆಯಲ್ಲಿ ಅದರ ಬೆಲೆ 80 ಆಗಿದ್ದರೆ, 80ರ ವಸ್ತುವಿಗೆ 93 ತೆತ್ತಂತಾಯಿತು. ನಷ್ಟ 13. ಬೆಲೆ 120ಕ್ಕೆ ಏರಿದರೆ ಕೈಗೆ ಬರುವುದು ಅದೇ 2. ಬೇಕಾಗಿದ್ದ ಷೇರು ಸಿಗುವುದೇ ಇಲ್ಲ.

ಗೊತ್ತುಪಡಿಸಿದ ಬೆಲೆಗೆ ಇಳಿದಾಗ ಮಾತ್ರ ಷೇರು ಕೊಳ್ಳುವಂತೆ ಬ್ರೋಕರ್‌ಗೆ ಕೊಡುವ ಆದೇಶವೇ ಲಿಮಿಟ್ ಆರ್ಡರ್. ಪುಟ್ ಮಾರಾಟವನ್ನು ನಮಗೇ ಹಣ ಕೊಡುವ ಲಿಮಿಟ್ ಆರ್ಡರ್ ಎಂದು ಕರೆಯುವವರು ಒಂದು ಮುಖ್ಯ ವ್ಯತ್ಯಾಸವನ್ನು ಮರೆಯುತ್ತಾರೆ. ತಿಂಗಳ ನಡುವೆ ಬೆಲೆ 88ಕ್ಕೆ ಇಳಿದು ಕೊನೆಗೆ 101ಕ್ಕೆ ಮರಳಿತೆನ್ನಿ. 95ಕ್ಕೆ ಲಿಮಿಟ್ ಆರ್ಡರ್ ಹಾಕಿದವರ ಬಳಿ ಈಗ ಷೇರು ಇದೆ, 6ರ ಲಾಭವೂ ಇದೆ. ಪುಟ್ ಮಾರಿದವರಿಗೆ ಸಿಕ್ಕಿದ್ದು 2 ಮಾತ್ರ, ಏಕೆಂದರೆ ಪುಟ್ ಕೊಂಡವರು ಸಾಮಾನ್ಯವಾಗಿ ಗಡುವಿಗೆ ಮುನ್ನ ಹಕ್ಕು ಚಲಾಯಿಸುವುದಿಲ್ಲ. ಇನ್ನೂ ಗಂಭೀರವಾದ ಸಂಗತಿಯೆಂದರೆ, ಬೆಲೆ 97ರಲ್ಲಿರುವಾಗ ಕಂಪನಿಯ ಬಗ್ಗೆ ಕೆಟ್ಟ ಸುದ್ದಿಯ ಸುಳಿವು ಸಿಕ್ಕರೆ ಆರ್ಡರನ್ನು ಖರ್ಚಿಲ್ಲದೆ ರದ್ದು ಮಾಡಬಹುದು. ಪುಟ್‌ನಿಂದ ಹೊರಬರಬೇಕಾದರೆ ಅದನ್ನು ಮರಳಿ ಕೊಳ್ಳಬೇಕು, ಆ ಹೊತ್ತಿಗೆ ಅದರ ದರ 2ರಲ್ಲಿ ಉಳಿದಿರುವುದಿಲ್ಲ. ಮನಸ್ಸು ಬದಲಿಸುವ ಹಕ್ಕನ್ನೇ ಮಾರಿದ್ದರ ಬೆಲೆ ಆ ಪ್ರೀಮಿಯಂ.

ಈ ವ್ಯವಹಾರದ ನಿಜರೂಪವನ್ನು ತೋರಿಸುವ, ನನಗೆ ಅತ್ಯಂತ ಸುಂದರವೆನಿಸುವ ಸಂಬಂಧವೊಂದಿದೆ. ಪುಟ್ ಮತ್ತು, ಷೇರನ್ನು ಗೊತ್ತುಪಡಿಸಿದ ಬೆಲೆಗೆ ಕೊಳ್ಳುವ ಹಕ್ಕಾದ, ಕಾಲ್ ಆಪ್ಷನ್‌ಗಳ ಬೆಲೆಗಳು ಪರಸ್ಪರ ಬಿಗಿದುಕೊಂಡಿರುತ್ತವೆ ಎಂಬುದನ್ನು ಹಣಕಾಸು ವಿದ್ವಾಂಸ ಹಾನ್ಸ್ ಸ್ಟಾಲ್ 1969ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿಶ್ಲೇಷಿಸಿದರು. ಶಿಕಾಗೊದ ಆಪ್ಷನ್ ವಿನಿಮಯ ಕೇಂದ್ರ 1973ರಲ್ಲಿ ಆರಂಭವಾದಾಗ ಅಲ್ಲಿ ಕಾಲ್‌ಗಳಷ್ಟೇ ಇದ್ದವು. ಪುಟ್‌ಗಳು ಬಂದದ್ದು 1977ರಲ್ಲಿ. ಆದರೂ ಷೇರು ಮತ್ತು ಕಾಲ್‌ಗಳನ್ನು ಜೋಡಿಸಿ ಪುಟ್ ಮಾರಿದ ಫಲವನ್ನೇ ಪಡೆಯಲು ಅಡ್ಡಿಯಿರಲಿಲ್ಲ. ಬಡ್ಡಿ ಮತ್ತು ಲಾಭಾಂಶಗಳನ್ನು ಬದಿಗಿಟ್ಟರೆ, ನಮ್ಮ ಉದಾಹರಣೆಯಲ್ಲಿ 95 ಸ್ಟ್ರೈಕ್‌ನ ಕಾಲ್‌ನ ದರ 7 ಇರಲೇಬೇಕು. ಷೇರನ್ನು 100ಕ್ಕೆ ಕೊಂಡು ಆ ಕಾಲ್ ಮಾರಿದವರಿಗೆ ಬೆಲೆ 80ಕ್ಕಿಳಿದರೆ ಷೇರಿನಲ್ಲಿ 20 ನಷ್ಟ, ಕಾಲ್‌ನಿಂದ 7 ಗಳಿಕೆ, ಒಟ್ಟು 13 ನಷ್ಟ. ಬೆಲೆ 120ಕ್ಕೇರಿದರೆ ಷೇರನ್ನು 95ಕ್ಕೆ ಒಪ್ಪಿಸಬೇಕು. ಆ 5ರ ನಷ್ಟವನ್ನು 7ರಿಂದ ಕಳೆದರೆ ಉಳಿಯುವುದು 2. ಅಂಕಿಗಳು ಚಾಚೂ ತಪ್ಪದೆ ಪುಟ್‌ನವೇ. ಅಂದರೆ ನಗದು ಮೀಸಲಿಟ್ಟು ಪುಟ್ ಮಾರಿದವರು ಷೇರಿಗಾಗಿ ಕಾಯುತ್ತಿಲ್ಲ. ಅದರ ಕುಸಿತದಲ್ಲಿ ಅವರು ಅಂದೇ ಪಾಲುದಾರರು, ಏರಿಕೆಯಲ್ಲಿ ಮಾತ್ರ ಅಲ್ಲ.

ಹಾಗಾದರೆ ಪ್ರೀಮಿಯಂ ಯಾವುದರ ಪ್ರತಿಫಲ? ವಿಮಾ ಕಂಪನಿಯಂತೆ, ಇನ್ನೊಬ್ಬರ ಅಪಾಯ ಹೊತ್ತದ್ದಕ್ಕೆ. ದೊಡ್ಡ ಷೇರು ಸೂಚ್ಯಂಕಗಳಲ್ಲಿ ಆಪ್ಷನ್ ಬೆಲೆಗಳು ನಿರೀಕ್ಷಿಸುವ ಏರಿಳಿತ ವಾಸ್ತವದ ಏರಿಳಿತಕ್ಕಿಂತ ದೀರ್ಘಾವಧಿಯ ಸರಾಸರಿಯಲ್ಲಿ ಸ್ವಲ್ಪ ಹೆಚ್ಚೇ ಇದೆ. ಮಾರುವವರ ಪ್ರಾಮಾಣಿಕ ಗಳಿಕೆಯ ಮೂಲ ಅದು. ಒಂದೇ ಷೇರಿನಲ್ಲಿ ಅದನ್ನು ಅಷ್ಟು ನೆಚ್ಚಿಕೊಳ್ಳಲಾಗದು: 95ರ ಅದೇ ಪುಟ್‌ಗೆ 2ರ ಬದಲು 6 ಸಿಗುತ್ತಿದ್ದರೆ, ತ್ರೈಮಾಸಿಕ ಫಲಿತಾಂಶದಂತಹ ಯಾವುದೋ ಘಟನೆ ಗಡುವಿನೊಳಗೆ ಇದೆಯೇ ಎಂದು ಮೊದಲು ನೋಡಬೇಕು.

ಷೇರು ಕೈಸೇರಿದ ಮೇಲೂ ಒಂದು ಬಲೆ ಉಳಿದಿರುತ್ತದೆ. 93ಕ್ಕೆ ಬಂದ ಷೇರು 80ರಲ್ಲಿರುವಾಗ 95 ಸ್ಟ್ರೈಕ್‌ನ ಕಾಲ್‌ಗೆ ಬಿಡಿಗಾಸೂ ಸಿಗದೆಂದು ಹಲವರು 85ರ ಕಾಲ್ ಮಾರಿ 1.5 ಪಡೆಯುತ್ತಾರೆ. ಆನಂತರ ಬೆಲೆ 95ಕ್ಕೆ ಚೇತರಿಸಿಕೊಂಡರೆ ಷೇರು 85ಕ್ಕೆ ಕೈಬಿಟ್ಟು ಹೋಗಿ 6.5ರ ನಷ್ಟ ಶಾಶ್ವತವಾಗುತ್ತದೆ. ಏನನ್ನೂ ಮಾರದೆ ಷೇರನ್ನು ಸುಮ್ಮನೆ ಇಟ್ಟುಕೊಂಡವರು ಅದೇ ದಿನ 2 ಲಾಭದಲ್ಲಿರುತ್ತಾರೆ.