ಪದ ಪರಿಚಯ: ಸ್ಟೋಮಾ

ಗ್ರೀಕ್ ಭಾಷೆಯಲ್ಲಿ ಸ್ಟೋಮಾ ಎಂದರೆ ಬಾಯಿ. ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಮಲ ಎಂದಿನ ದಾರಿಯಲ್ಲಿ ಹೋಗುವಂತಿಲ್ಲದಿದ್ದರೆ ಸರ್ಜನ್ ಕರುಳನ್ನು ಹೊಟ್ಟೆಯ ಮೇಲೆ ತಂದು, ಅಂಚನ್ನು ಹೊರಮಗ್ಗುಲಾಗಿ ಮಡಚಿ ಚರ್ಮಕ್ಕೆ ಹೊಲಿಯುತ್ತಾರೆ. ಆ ಬಾಯಿಯೇ ಸ್ಟೋಮಾ. ದೊಡ್ಡ ಕರುಳಿನದಾದರೆ ಕೊಲೊಸ್ಟಮಿ, ಸಣ್ಣ ಕರುಳಿನ ಕೊನೆಯ ಭಾಗದ್ದಾದರೆ ಇಲಿಯೋಸ್ಟಮಿ. ಕೆಲವರಿಗೆ ಇದು ಕೆಲವು ತಿಂಗಳ ಮಟ್ಟಿಗೆ, ಕೆಲವರಿಗೆ ಜೀವನಪೂರ್ತಿ.

ನೋಡಲು ಅದು ಕೆನ್ನೆಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಹೆದರಬೇಕಿಲ್ಲ. ಬಣ್ಣ ನೇರಳೆಗೋ ಕಪ್ಪಿಗೋ ತಿರುಗಿದರೆ ಮಾತ್ರ ರಕ್ತಸಂಚಾರ ಕುಂದಿದೆ ಎಂದರ್ಥ. ಆಗ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಉಳಿದಂತೆ ನನ್ನ ನರ್ಸ್ ವೃತ್ತಿಯಲ್ಲಿ ನಾನು ಕಂಡ ನರಳಾಟವೆಲ್ಲ ಸ್ಟೋಮಾದ್ದಲ್ಲ, ಅದರ ಸುತ್ತಲಿನ ಚರ್ಮದ್ದು.

ಜಮಖಂಡಿ ಕಡೆಯ ರೈತರೊಬ್ಬರು ಇಲಿಯೋಸ್ಟಮಿಯಾಗಿ ಐದನೆಯ ವಾರಕ್ಕೆ ಬಂದಿದ್ದರು. ಮಲ ತುಂಬುವ ಚೀಲವನ್ನು ಸ್ಟೋಮಾದ ಮೇಲೆ ಹಿಡಿದಿಡಲು ಹೊಟ್ಟೆಗೆ ಅಂಟಿಸುವ ಪ್ಲೇಟು ದಿನಕ್ಕೆ ಎರಡು ಸಲ ಕಿತ್ತುಬರುತ್ತಿತ್ತು. ಸೋರದಿರಲಿ ಎಂದು ಮನೆಯವರು ಮೇಲೆಲ್ಲ ಟೇಪು ಸುತ್ತಿದ್ದರು, ಉರಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರು. ಎಣ್ಣೆ ಸವರಿದ ಚರ್ಮಕ್ಕೆ ಪ್ಲೇಟು ಅಂಟುವುದಾದರೂ ಹೇಗೆ? ಬಿಚ್ಚಿ ನೋಡಿದರೆ ಸ್ಟೋಮಾದ ಸುತ್ತ ಬಳೆಯಂತೆ ಹಸಿ ಗಾಯ, ಅದರಿಂದ ನೀರು ಜಿನುಗುತ್ತಿತ್ತು.

ಕಾರಣ ಹುಡುಕಲು ಅಳತೆಪಟ್ಟಿ ಸಾಕಾಯಿತು. ಬಿಡುಗಡೆಯ ದಿನ ಸ್ಟೋಮಾ 35 ಮಿಲಿಮೀಟರ್ ಅಗಲವಿತ್ತು. ಪ್ಲೇಟಿನ ರಂಧ್ರವನ್ನು 38ಕ್ಕೆ ಕತ್ತರಿಸಿ, ಮುಂದೆ ಕತ್ತರಿಸಲು ಮಾದರಿಯಾಗಿ ಅದೇ ಅಳತೆಯ ಕಾಗದವನ್ನು ಮನೆಗೆ ಕೊಟ್ಟಿದ್ದರು. ಶಸ್ತ್ರಚಿಕಿತ್ಸೆಯ ಬಾವು ಇಳಿಯುತ್ತ ಸ್ಟೋಮಾ ಆರರಿಂದ ಎಂಟು ವಾರಗಳವರೆಗೆ ಕುಗ್ಗುತ್ತಲೇ ಇರುತ್ತದೆ. ಈಗ ಅದು 28ಕ್ಕೆ ಬಂದಿತ್ತು, ಕಾಗದ ಮಾತ್ರ 38ರದ್ದೇ. ಸುತ್ತಲೂ 5 ಮಿಲಿಮೀಟರ್ ಚರ್ಮ ಬಯಲಾಗಿ ಬಿದ್ದಿತ್ತು. ಸಣ್ಣ ಕರುಳಿನಿಂದ ಬರುವ ತೆಳ್ಳಗಿನ ಮಲದಲ್ಲಿ ಆಹಾರವನ್ನು ಕರಗಿಸುವ ಜೀರ್ಣರಸ ಇನ್ನೂ ಉಳಿದಿರುತ್ತದೆ. ಅದು ಚರ್ಮವನ್ನೂ ಬಿಡುವುದಿಲ್ಲ. ಚರ್ಮ ಒದ್ದೆಯಾದರೆ ಪ್ಲೇಟು ಬಿಡುತ್ತದೆ, ಬಿಟ್ಟರೆ ಇನ್ನಷ್ಟು ಸೋರುತ್ತದೆ.

ರೋಗಿಯ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಬದಲಿಸಿದೆ. ಒಂದು ಕೈಯಿಂದ ಚರ್ಮವನ್ನು ಒತ್ತಿ ಹಿಡಿದು ಪ್ಲೇಟನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಡಿಸಬೇಕು. ಕಿತ್ತ ಪ್ಲೇಟನ್ನು ಎಸೆಯುವ ಮುನ್ನ ಹಿಂಬದಿಯನ್ನು ನೋಡಬೇಕು: ಅಂಟು ಎಲ್ಲಿ ಕರಗಿದೆಯೋ ಅಲ್ಲೇ ಸೋರಿದೆ. ಉಗುರುಬೆಚ್ಚಗಿನ ಬರೀ ನೀರಿನಿಂದ ತೊಳೆದು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದೆವು. ಡೆಟಾಲ್, ಸ್ಪಿರಿಟ್ ಬೇಡವೇ ಬೇಡ. ಹಸಿ ಜಾಗಕ್ಕೆ ಮಾತ್ರ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿದೆವು. ರಂಧ್ರವನ್ನು 31ಕ್ಕೆ ಕತ್ತರಿಸಿದೆ. ಸ್ಟೋಮಾಗಿಂತ ಎರಡು ಮೂರು ಮಿಲಿಮೀಟರ್ ಹೆಚ್ಚಿದ್ದರೆ ಸಾಕು. ತೀರ ಬಿಗಿಯಾದರೆ ಅಂಚು ಸ್ಟೋಮಾವನ್ನೇ ಕೊರೆಯುತ್ತದೆ. ಅಂಟಿಸಿದ ಮೇಲೆ ಅಂಗೈಯನ್ನು ಕೆಲವು ನಿಮಿಷ ಇಟ್ಟರೆ ಮೈಶಾಖಕ್ಕೆ ಅಂಟು ಚೆನ್ನಾಗಿ ಹಿಡಿಯುತ್ತದೆ.

"ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಅಕ್ಕಾ?" ಎಂದು ಆಕೆ ಕೇಳಿದರು. ಸೋರದಿದ್ದರೆ ಮೂರರಿಂದ ಐದು ದಿನ. ತುರಿಕೆಯೋ ಉರಿಯೋ ಕಂಡರೆ ಆ ಕ್ಷಣವೇ. ಬೆಳಿಗ್ಗೆ ಏನನ್ನೂ ತಿನ್ನುವ ಮೊದಲು ಮಾಡಿದರೆ ಮಲ ಕಡಿಮೆ ಇರುತ್ತದೆ, ಕೆಲಸ ಸಲೀಸು. ಚೀಲವನ್ನು ಮಾತ್ರ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು, ಇಲ್ಲದಿದ್ದರೆ ಭಾರಕ್ಕೆ ಪ್ಲೇಟನ್ನು ಎಳೆಯುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಿಗೇ ಅಂಟು ಸಡಿಲಾಗುವುದರಿಂದ ಆ ತಿಂಗಳುಗಳಲ್ಲಿ ಒಂದು ದಿನ ಮುಂಚೆಯೇ ಬದಲಿಸುವುದು ಒಳ್ಳೆಯದು.

ಆ ಯಜಮಾನರು ಅಷ್ಟು ಹೊತ್ತೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತುಟಿ ಒಣಗಿದ್ದನ್ನು ನೋಡಿ, "ಕಾಕಾ, ನೀರು ಕುಡಿಯುತ್ತಿದ್ದೀರೇನು?" ಎಂದೆ. "ಕುಡಿದರೆ ಚೀಲ ತುಂಬುತ್ತದಲ್ಲ ತಂಗಿ, ನಾಲ್ಕು ಜನರ ನಡುವೆ ಸೋರಿದರೆ?" ಎಂದರು. ಹದಿನೈದು ದಿನಗಳಿಂದ ಪಂಕ್ತಿಯಲ್ಲಿ ಊಟಕ್ಕೆ ಕೂತಿರಲಿಲ್ಲ. ಇಲಿಯೋಸ್ಟಮಿ ಇದ್ದವರ ದೇಹದಿಂದ ನೀರು, ಉಪ್ಪು ಎರಡೂ ಹೋಗುತ್ತಲೇ ಇರುತ್ತವೆ. ಕುಡಿಯುವುದನ್ನು ಬಿಟ್ಟರೆ ಮೂತ್ರಪಿಂಡಕ್ಕೇ ಪೆಟ್ಟು. ಬರೀ ನೀರಲ್ಲ, ಓಆರ್‌ಎಸ್ ಹಾಗೂ ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕೆಂದು ಬರೆದುಕೊಟ್ಟೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಚೆನ್ನಾಗಿ ಅಗಿದು ತಿನ್ನಲು ಹೇಳಿದೆ. ಅವರ ಭಯಕ್ಕೆ ಧೈರ್ಯದ ಮಾತು ಮದ್ದಾಗಿರಲಿಲ್ಲ. ಸೋರದ ಪ್ಲೇಟು ಬೇಕಿತ್ತು. ಹಾಗಾಗಿ ಚಕ್ಕಳಮಕ್ಕಳ ಹಾಕಿ ಕೂರಿಸಿ, ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆಂದು ನೋಡಿ, ಆ ತಗ್ಗಿಗೆ ಸ್ಟೋಮಾ ಪೇಸ್ಟ್ ತುಂಬಿದೆ. ಧೋತರದ ಗಂಟು ಪ್ಲೇಟಿನ ಮೇಲೆ ಬರದಂತೆ ತುಸು ಮೇಲೆ ಕಟ್ಟಿಸಿದೆ.

ವಾರದ ನಂತರ ಬಂದಾಗ ಹಸಿ ಬಳೆ ಒಣಗಿ ತಿಳಿಗುಲಾಬಿಗೆ ತಿರುಗಿತ್ತು. ಪ್ಲೇಟು ನಾಲ್ಕು ದಿನ ನಿಂತಿತ್ತು. ಆ ದಿನ ಕನ್ನಡಿ ಹಿಡಿದು ಅಳತೆ ತೆಗೆದವರು ಅವರೇ. ಹಳೆಯ ಕಾಗದವನ್ನು ಹರಿದುಹಾಕಿ, "27, ಹಾಗಾದರೆ ಇಂದು 30ಕ್ಕೆ ಕತ್ತರಿಸು" ಎಂದು ಹೆಂಡತಿಯ ಕೈಗೆ ಕತ್ತರಿ ಕೊಟ್ಟರು.