ಸ್ಪಾಟ್ ಮತ್ತು ಪರ್ಪೆಚುಯಲ್: ಫಂಡಿಂಗ್ ಕಟ್ಟುತ್ತಾ ಹೋದರೆ ಲಿಕ್ವಿಡೇಶನ್ ಬೆಲೆ ಹೇಗೆ ಹತ್ತಿರ ಬರುತ್ತೆ

ಬಿಟ್‌ಕಾಯಿನ್ ಬೆಲೆ 60,000 ಡಾಲರ್ ಇದೆ, ನಿಮ್ಮ ಹತ್ತಿರ 600 ಡಾಲರ್ ಇದೆ ಅಂದುಕೊಳ್ಳಿ. ಸ್ಪಾಟ್‌ನಲ್ಲಿ ಆ ದುಡ್ಡಿಗೆ 0.01 ಬಿಟ್‌ಕಾಯಿನ್ ಸಿಗುತ್ತದೆ. ಅದು ನಿಮ್ಮದೇ. ಬೆಲೆ 54,000ಕ್ಕೆ ಇಳಿದರೆ 60 ಡಾಲರ್ ನಷ್ಟ ಕಾಣುತ್ತದೆ, ಆದರೆ 0.01 ಕಾಯಿನ್ ಹಾಗೇ ಇರುತ್ತದೆ. ಬೆಲೆ ಮತ್ತೆ ಏರಿದರೆ ನಷ್ಟವೂ ಅಳಿಸಿಹೋಗುತ್ತದೆ.

ಪರ್ಪೆಚುಯಲ್‌ನಲ್ಲಿ ನೀವು ಕಾಯಿನ್ ಕೊಳ್ಳುವುದಿಲ್ಲ, ಬೆಲೆಯ ಮೇಲೆ ಒಂದು ಒಪ್ಪಂದ ಮಾಡಿಕೊಳ್ಳುತ್ತೀರಿ. ಅದೇ 600 ಡಾಲರನ್ನು ಮಾರ್ಜಿನ್ ಆಗಿ, ಅಂದರೆ ಭದ್ರತೆಯ ಹಣವಾಗಿ ಇಟ್ಟು 10 ಪಟ್ಟು ಲೆವರೇಜ್ ತೆಗೆದುಕೊಂಡರೆ 0.1 ಬಿಟ್‌ಕಾಯಿನ್‌ಗೆ, ಅಂದರೆ 6,000 ಡಾಲರ್ ಮೌಲ್ಯಕ್ಕೆ, ಲಾಂಗ್ ಹೋಗಬಹುದು. ಬೆಲೆ ಏರಿದರೆ ಲಾಂಗ್‌ಗೆ ಲಾಭ, ಇಳಿದರೆ ಶಾರ್ಟ್‌ಗೆ.

ನಿಫ್ಟಿ ಫ್ಯೂಚರ್ಸ್ ನೋಡಿದವರಿಗೆ ಇಲ್ಲೊಂದು ಪ್ರಶ್ನೆ ಬರಬೇಕು. ಅಲ್ಲಿ ಎಕ್ಸ್‌ಪೈರಿ ದಿನ ಫ್ಯೂಚರ್ಸ್ ಬೆಲೆ ನಿಫ್ಟಿಯ ಬೆಲೆಗೆ ಬಂದು ಸೇರಲೇಬೇಕು. ಪರ್ಪೆಚುಯಲ್‌ಗೆ ಎಕ್ಸ್‌ಪೈರಿಯೇ ಇಲ್ಲ. ಹಾಗಾದರೆ ಅದರ ಬೆಲೆ ಸ್ಪಾಟ್ ಬಿಟ್ಟು ಎಲ್ಲೆಲ್ಲೋ ಹೋಗದಂತೆ ತಡೆಯುವುದು ಯಾವುದು? 2016ರಲ್ಲಿ ಬಿಟ್‌ಮೆಕ್ಸ್ ಎಕ್ಸ್‌ಚೇಂಜ್ ತಂದ ಪರ್ಪೆಚುಯಲ್ ಸ್ವಾಪ್ ಇದಕ್ಕೆ ಕೊಟ್ಟ ಉತ್ತರವೇ ಫಂಡಿಂಗ್.

ಪರ್ಪೆಚುಯಲ್ ಬೆಲೆ ಸ್ಪಾಟ್‌ಗಿಂತ ಮೇಲಿದ್ದರೆ ಸಾಮಾನ್ಯವಾಗಿ ಫಂಡಿಂಗ್ ರೇಟ್ ಪ್ಲಸ್ ಆಗುತ್ತದೆ. ಆಗ ಲಾಂಗ್ ಇದ್ದವರು ಶಾರ್ಟ್ ಇದ್ದವರಿಗೆ ದುಡ್ಡು ಕೊಡುತ್ತಾರೆ. ಮೈನಸ್ ಆದರೆ ಶಾರ್ಟ್ ಇದ್ದವರು ಕೊಡುತ್ತಾರೆ. ಪ್ಲಸ್ ಜಾಸ್ತಿಯಾದಾಗ ಕೆಲವರು ಸ್ಪಾಟ್‌ನಲ್ಲಿ ಕೊಂಡು, ಅಷ್ಟೇ ಮೊತ್ತಕ್ಕೆ ಪರ್ಪೆಚುಯಲ್‌ನಲ್ಲಿ ಶಾರ್ಟ್ ಹೋಗಿ, ಫಂಡಿಂಗ್ ಪಡೆಯುತ್ತಾ ಕೂರುತ್ತಾರೆ. ಅವರ ಮಾರಾಟದಿಂದಲೇ ಪರ್ಪೆಚುಯಲ್ ಬೆಲೆ ಕೆಳಗೆ ಬರುತ್ತದೆ.

ಹಲವು ಎಕ್ಸ್‌ಚೇಂಜ್‌ಗಳಲ್ಲಿ ಇದು 8 ಗಂಟೆಗೊಮ್ಮೆ, ನಮ್ಮ ಸಮಯದಲ್ಲಿ ಬೆಳಗ್ಗೆ 5:30, ಮಧ್ಯಾಹ್ನ 1:30, ರಾತ್ರಿ 9:30ಕ್ಕೆ ನಡೆಯುತ್ತದೆ. ಕೆಲವು ಕಡೆ 4 ಗಂಟೆಗೊಮ್ಮೆ ಅಥವಾ ಗಂಟೆಗೊಮ್ಮೆಯೂ ಇರುತ್ತದೆ. ಆ ಕ್ಷಣಕ್ಕೆ ಪೊಸಿಷನ್ ತೆರೆದಿದ್ದರೆ ಮಾತ್ರ ಲೆಕ್ಕ.

ಹೊಸಬರು ಎಡವುವುದು ಇಲ್ಲೇ. ರೇಟ್ 0.01% ಅಂತ ಕಂಡಾಗ 'ಇಷ್ಟೇನಾ' ಅನ್ನಿಸುತ್ತದೆ. ಆದರೆ ಅದು ನೀವಿಟ್ಟ 600ರ ಮೇಲಲ್ಲ, ಪೂರ್ತಿ 6,000ದ ಮೇಲೆ. ಒಂದು ಸಲಕ್ಕೆ 60 ಸೆಂಟ್, ದಿನಕ್ಕೆ 1.80 ಡಾಲರ್, ಬೆಲೆ ಅಲ್ಲೇ ನಿಂತರೂ ತಿಂಗಳಿಗೆ 54 ಡಾಲರ್. ಅಂದರೆ ಮಾರ್ಜಿನ್‌ನ 9%! ಮಾರುಕಟ್ಟೆ ಬಿಸಿಯಾಗಿ ರೇಟ್ 0.1%ಗೆ ಏರಿದರೆ ಅಷ್ಟೇ ದುಡ್ಡು 3 ದಿನಕ್ಕೆ ಹೋಗುತ್ತದೆ.

ಇನ್ನು ಲಿಕ್ವಿಡೇಶನ್, ಅಂದರೆ ಎಕ್ಸ್‌ಚೇಂಜ್ ನಿಮ್ಮ ಪೊಸಿಷನನ್ನು ಬಲವಂತವಾಗಿ ಮುಚ್ಚುವುದು. ಪೊಸಿಷನ್ ಉಳಿಯಲು ಕನಿಷ್ಠ ಇಷ್ಟು ಮಾರ್ಜಿನ್ ಇರಲೇಬೇಕು ಅಂತ ಎಕ್ಸ್‌ಚೇಂಜ್ ಹೇಳುತ್ತದೆ. ಅದು ಮೆಂಟೆನೆನ್ಸ್ ಮಾರ್ಜಿನ್. ನಮ್ಮ ಲೆಕ್ಕಕ್ಕೆ ಪೊಸಿಷನ್ ಮೌಲ್ಯದ 0.5% ಅಂತಿಟ್ಟುಕೊಳ್ಳೋಣ. ಐಸೊಲೇಟೆಡ್ ಮಾರ್ಜಿನ್‌ನಲ್ಲಿ, ಅಂದರೆ ಈ ಪೊಸಿಷನ್‌ಗೆ ಇಟ್ಟ 600 ಡಾಲರ್ ಮಾತ್ರ ಪಣದಲ್ಲಿರುವಾಗ, ಶುಲ್ಕ ಬಿಟ್ಟು ಲೆಕ್ಕ ಹೀಗೆ, ಇಲ್ಲಿ P ಅಂದರೆ ಲಿಕ್ವಿಡೇಶನ್ ಬೆಲೆ:

```
600 - 0.1 × (60000 - P) = 0.005 × 0.1 × P
P ≈ 54271
```

10 ಪಟ್ಟು ಅಂದರೆ 10% ಇಳಿಯುವವರೆಗೂ ಜಾಗ ಇದೆ ಅಂತ ಹಲವರ ಎಣಿಕೆ. ಆದರೆ ಸುಮಾರು 9.5%ಕ್ಕೇ ಎಕ್ಸ್‌ಚೇಂಜ್ ಪೊಸಿಷನ್ ಮುಚ್ಚುತ್ತದೆ. ಉಳಿದ ಸುಮಾರು 27 ಡಾಲರ್ ಕೂಡ ಸಾಮಾನ್ಯವಾಗಿ ಶುಲ್ಕಕ್ಕೆ, ಎಕ್ಸ್‌ಚೇಂಜ್‌ನ ಇನ್ಶೂರೆನ್ಸ್ ಫಂಡ್‌ಗೆ ಹೋಗುತ್ತದೆ. ಆಮೇಲೆ ಬೆಲೆ 60,000ಕ್ಕೆ ವಾಪಸ್ ಬಂದರೂ ನಿಮಗೆ ಏನೂ ಸಿಗುವುದಿಲ್ಲ. ಸ್ಪಾಟ್‌ನವರು ಅಷ್ಟೊತ್ತಿಗೆ ಮೊದಲಿದ್ದಲ್ಲಿಗೇ ಬಂದಿರುತ್ತಾರೆ.

ಈಗ ಎರಡನ್ನೂ ಸೇರಿಸಿ ನೋಡಿ. ವಾಲೆಟ್‌ನಲ್ಲಿ ಬೇರೆ ದುಡ್ಡು ಇಲ್ಲದಿದ್ದರೆ ಫಂಡಿಂಗ್ ಮಾರ್ಜಿನ್‌ನಿಂದಲೇ ಕಡಿತವಾಗಬಹುದು. 54 ಡಾಲರ್ ಹೋದಮೇಲೆ ಉಳಿಯುವುದು 546. ಅದನ್ನು ಮೇಲಿನ ಲೆಕ್ಕಕ್ಕೆ ಹಾಕಿದರೆ ಲಿಕ್ವಿಡೇಶನ್ ಬೆಲೆ 54,271ರಿಂದ ಸುಮಾರು 54,814ಕ್ಕೆ ಏರುತ್ತದೆ. ಬೆಲೆ ಕದಲದಿದ್ದರೂ ಅಪಾಯ 543 ಡಾಲರ್ ಹತ್ತಿರ ಬಂತು. ಹಾಗಾಗಿ ಪೊಸಿಷನ್ ತೆಗೆದ ದಿನ ಕಂಡ ಲಿಕ್ವಿಡೇಶನ್ ಬೆಲೆಯನ್ನು ನಂಬಿ ಕೂರಬೇಡಿ, ದಿನಾ ನೋಡಿ. ಕ್ರಾಸ್ ಮಾರ್ಜಿನ್ ಆರಿಸಿಕೊಂಡರೆ ಆ ಬೆಲೆ ದೂರ ಹೋಗುತ್ತದೆ ನಿಜ, ಆದರೆ ಆಗ ಫ್ಯೂಚರ್ಸ್ ವಾಲೆಟ್‌ನ ಎಲ್ಲ ದುಡ್ಡೂ ಪಣಕ್ಕೆ ಬಿದ್ದ ಹಾಗೆ.

ಚಾರ್ಟ್‌ನಲ್ಲಿ ಬೆಲೆ 54,000 ಮುಟ್ಟಿದರೂ ಪೊಸಿಷನ್ ಉಳಿದಿರುವುದುಂಟು. ಯಾಕೆಂದರೆ ಲಿಕ್ವಿಡೇಶನ್‌ಗೆ ಸಾಮಾನ್ಯವಾಗಿ ನೋಡುವುದು ಕೊನೆಯ ವಹಿವಾಟಿನ ಬೆಲೆಯನ್ನಲ್ಲ, ಹಲವು ಎಕ್ಸ್‌ಚೇಂಜ್‌ಗಳ ಸ್ಪಾಟ್ ಬೆಲೆ ಆಧರಿಸಿದ ಮಾರ್ಕ್ ಪ್ರೈಸನ್ನು. ಸ್ಟಾಪ್‌ಲಾಸ್ ಹಾಕುವಾಗ ಈ ಎರಡರಲ್ಲಿ ಯಾವ ಬೆಲೆಯನ್ನು ಆರಿಸಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ.

ಫಂಡಿಂಗ್ ಪಡೆಯಲು ಸ್ಪಾಟ್ ಕೊಂಡು ಶಾರ್ಟ್ ಹೋಗುವ ದಾರಿಯೂ ಪೂರ್ತಿ ಸುರಕ್ಷಿತವಲ್ಲ. 2025ರ ಅಕ್ಟೋಬರ್ 10ರ ಕುಸಿತದ ಸುತ್ತ ಒಂದೇ ದಿನದೊಳಗೆ ಸುಮಾರು 1,900 ಕೋಟಿ ಡಾಲರ್ ಮೌಲ್ಯದ ಪೊಸಿಷನ್‌ಗಳು ಲಿಕ್ವಿಡೇಟ್ ಆದವು. ಆಗ ಕೆಲವು ಎಕ್ಸ್‌ಚೇಂಜ್‌ಗಳು ಲಾಭದಲ್ಲಿದ್ದವರ ಶಾರ್ಟ್‌ಗಳನ್ನೂ ಬಲವಂತವಾಗಿ ಮುಚ್ಚಿದವು. ಎದುರು ಪಾರ್ಟಿಯ ಮಾರ್ಜಿನ್ ಮುಗಿದು, ನಷ್ಟ ತುಂಬಲು ಬೇರೆ ದಾರಿ ಇಲ್ಲದಾಗ ಹೀಗೆ ಮಾಡುತ್ತಾರೆ. ಇದಕ್ಕೆ ಆಟೋ ಡಿಲೆವರೇಜಿಂಗ್ ಅನ್ನುತ್ತಾರೆ. ಶಾರ್ಟ್ ಹೀಗೆ ಮುಚ್ಚಿಹೋದರೆ, ಬೀಳುತ್ತಿರುವ ಮಾರುಕಟ್ಟೆಯಲ್ಲಿ ಕೈಯಲ್ಲಿ ಉಳಿಯುವುದು ಸ್ಪಾಟ್ ಕಾಯಿನ್ ಮಾತ್ರ.